ಮುಳ್ಳು ಯಾವಾಗ ಅಲುಗುತ್ತದೆ? ವಿದ್ಯುತ್ಕಾಂತೀಯ ಪ್ರೇರಣೆಗೆ ಮೂರು ಪೀರಿಯಡ್‌ಗಳ ಪಾಠಯೋಜನೆ

ದ್ವಿತೀಯ ಪಿಯುಸಿಯಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠಕ್ಕೆ ಬರುವ ಹೊತ್ತಿಗೆ ಮಕ್ಕಳು ಒಂದು ಸಂಗತಿಯನ್ನು ಚೆನ್ನಾಗಿ ಕಲಿತಿರುತ್ತಾರೆ. ತಂತಿಯಲ್ಲಿ ಕರೆಂಟ್ ಹರಿದರೆ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ, ಕರೆಂಟ್ ಹರಿಯುವಷ್ಟು ಹೊತ್ತೂ ಅದು ಇರುತ್ತದೆ. ಇದನ್ನೇ ತಿರುವಿ ಹಾಕಿದರೆ ಏನಾಗಬೇಕು? ಸುರುಳಿಯೊಳಗೆ ಕಾಂತ ಇಟ್ಟರೆ, ಇಟ್ಟಷ್ಟು ಹೊತ್ತೂ ಕರೆಂಟ್ ಬರಬೇಕು ಅಲ್ವಾ? ತರಗತಿಯಲ್ಲಿ ಜಾಸ್ತಿ ಮಕ್ಕಳು ಯೋಚಿಸುವುದು ಹೀಗೆಯೇ. ಇದು ದಡ್ಡತನವಲ್ಲ, ಒಳ್ಳೆಯ ಊಹೆ. ಆದರೆ ತಪ್ಪು ಊಹೆ. ಈ ಊಹೆಯನ್ನು ಹೊರಗೆ ತಂದು, ಅದು ಯಾಕೆ ತಪ್ಪು ಅಂತ ಅವರ ಕಣ್ಣಿಗೇ ಕಾಣಿಸಿದರೆ ಪಾಠದ ಮುಕ್ಕಾಲು ಭಾಗ ಮುಗಿದಂತೆ. ಮೊದಲ ದಿನವೇ ಬೋರ್ಡಿನ ಮೇಲೆ ಫ್ಯಾರಡೆ ಸೂತ್ರ ಬರೆದುಬಿಟ್ಟರೆ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಹಳೆಯ ಊಹೆ ಮಾತ್ರ ಒಳಗೆ ಹಾಗೇ ಕೂತಿರುತ್ತದೆ. ಆದ್ದರಿಂದ ಈ ಯೋಜನೆಯಲ್ಲಿ ಸೂತ್ರ ಬರುವುದು ಎರಡನೇ ಪೀರಿಯಡ್‌ನ ಕೊನೆಗೆ. ಒಂದು ಪೀರಿಯಡ್ ಸುಮಾರು 50 ನಿಮಿಷ ಅಂತ ಇಟ್ಟುಕೊಂಡಿದ್ದೇನೆ.

ಹಿಂದಿನ ದಿನದ ಕೆಲಸ

ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಸಿಗುವ ಎನಾಮಲ್ ತಾಮ್ರದ ತಂತಿ ತನ್ನಿ. 28 ಗೇಜ್ ಆದರೆ ಒಳ್ಳೆಯದು. 4 ಸೆಂ.ಮೀ. ವ್ಯಾಸದ ಪಿವಿಸಿ ಪೈಪಿನ ತುಂಡಿನ ಮೇಲೆ, 5 ಸೆಂ.ಮೀ. ಅಗಲದೊಳಗೆ ನಾಲ್ಕೈದು ಪದರ ಬರುವಂತೆ 500 ಸುತ್ತು ಹಾಕಿ. ಇದಕ್ಕೆ 60 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ತಂತಿ ಬೇಕು. 100 ಗ್ರಾಂ ತಂದರೆ ಇನ್ನೊಂದು ಪೈಪಿನ ಮೇಲೆ 100 ಸುತ್ತಿನ ಸುರುಳಿಗೂ ಆಗುತ್ತದೆ. ಪದರ ಎಷ್ಟೇ ಇರಲಿ, ಸುತ್ತುವ ದಿಕ್ಕು ಮಾತ್ರ ಒಂದೇ ಇರಬೇಕು. ಆ ದಿಕ್ಕನ್ನು ಮಾರ್ಕರಿನಲ್ಲಿ ಪೈಪಿನ ಅಂಚಿನ ಮೇಲೆ ಬಾಣ ಹಾಕಿ ಗುರುತು ಮಾಡಿಡಿ. ಶುರುವಿನ ತುದಿಗೆ ‘ಅ’, ಕೊನೆಯ ತುದಿಗೆ ‘ಆ’ ಅಂತ ಚೀಟಿ ಅಂಟಿಸಿ. ಮೂರನೇ ದಿನ ಈ ಗುರುತು ಇಲ್ಲದಿದ್ದರೆ ಲೆನ್ಜ್ ನಿಯಮವನ್ನು ತೋರಿಸಲು ಆಗುವುದೇ ಇಲ್ಲ, ಹೇಳಬಹುದಷ್ಟೇ.

ಪ್ರಯೋಗ ಕೈಕೊಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ತಂತಿಯ ತುದಿಯಲ್ಲಿ ಎನಾಮಲ್ ಹಾಗೇ ಉಳಿದಿರುತ್ತದೆ. ನೋಡಲು ತಾಮ್ರದ ಬಣ್ಣವೇ ಇರುವುದರಿಂದ ಗೊತ್ತಾಗುವುದಿಲ್ಲ. ಸ್ಯಾಂಡ್ ಪೇಪರಿನಲ್ಲಿ ಸುತ್ತಲೂ ಉಜ್ಜಿ, ಮಲ್ಟಿಮೀಟರ್‌ನಲ್ಲಿ ಸುರುಳಿಯ ರೋಧ ನೋಡಿ. 500 ಸುತ್ತಿನದು ಸುಮಾರು 10 ಓಮ್ ತೋರಿಸಬೇಕು. ಎರಡನೆಯದು, ಕಾಂತ ಸೊರಗಿರುತ್ತದೆ. ವರ್ಷಗಟ್ಟಲೆ ಡ್ರಾಯರಿನಲ್ಲಿ ಹೇಗೆಂದರೆ ಹಾಗೆ ಬಿದ್ದಿದ್ದ ದಂಡಕಾಂತಗಳಲ್ಲಿ ಬಲ ಉಳಿದಿರುವುದಿಲ್ಲ. ಗುಂಡುಪಿನ್ನುಗಳ ರಾಶಿಗೆ ಇಳಿಸಿ ನೋಡಿ, ಗೊಂಚಲು ಎತ್ತುವ ಕಾಂತವನ್ನೇ ಆರಿಸಿಕೊಳ್ಳಿ.

ಗ್ಯಾಲ್ವನೋಮೀಟರ್ ನಮ್ಮ ಲ್ಯಾಬಿನ ಮಾಮೂಲಿ ನಡುಸೊನ್ನೆಯದು, ಎಡಕ್ಕೆ 30 ಬಲಕ್ಕೆ 30 ವಿಭಾಗ ಇರುವಂಥದ್ದು. ಅದನ್ನು ಕಾಂತದಿಂದ ಒಂದು ಮೀಟರ್‌ಗಿಂತ ದೂರದಲ್ಲಿಟ್ಟು ಉದ್ದ ತಂತಿಯಿಂದ ಸೇರಿಸಿ. ಸೆಲ್ಲನ್ನು ಅದಕ್ಕೆ ನೇರವಾಗಿ ಕೊಡಲೇಬೇಡಿ. ಕೊಡುವ ಸಂದರ್ಭ ಬಂದರೆ ಸರಣಿಯಲ್ಲಿ 5000 ಓಮ್ ಇರಲಿ.

ಮೊದಲ ಪೀರಿಯಡ್: ಊಹೆ, ಆಮೇಲೆ ಮುಳ್ಳು

ಸಾಮಾನನ್ನು ಮೇಜಿನ ಮೇಲಿಡಿ, ಆದರೆ ಕಾಂತ ಅಲುಗಿಸಬೇಡಿ. ಮೊದಲ ಹತ್ತು ನಿಮಿಷ ಮಕ್ಕಳು ನೋಟ್‌ಬುಕ್ಕಿನಲ್ಲಿ ಊಹೆ ಬರೆಯಬೇಕು. ಐದು ಸನ್ನಿವೇಶ ಕೊಡಿ. ಕಾಂತ ಸುರುಳಿಯೊಳಗೆ ಸುಮ್ನೆ ಇದೆ. ಕಾಂತ ಒಳಗೆ ಹೋಗುತ್ತಿದೆ. ಕಾಂತ ಹೊರಗೆ ಬರುತ್ತಿದೆ. ಕಾಂತ ನಿಂತಿದೆ, ಸುರುಳಿಯೇ ಅದರ ಮೇಲೆ ಬರುತ್ತಿದೆ. ಕಾಂತವನ್ನು ಒಳಗಿಟ್ಟುಕೊಂಡು ಎರಡನ್ನೂ ಒಟ್ಟಿಗೆ ಸರಿಸುತ್ತಿದ್ದೇವೆ. ಪ್ರತಿಯೊಂದಕ್ಕೂ ಮುಳ್ಳು ಎತ್ತ ಹೋಗುತ್ತದೆ, ಅಲ್ಲೇ ನಿಲ್ಲುತ್ತದಾ, ವಾಪಸ್ ಬರುತ್ತದಾ ಅಂತ ಬರೆಯಲಿ. ಬರೆಯದೆ ಬಾಯಲ್ಲಿ ಹೇಳಿಸಿದರೆ ಮುಂದಿನ ಬೆಂಚಿನ ಇಬ್ಬರು ಹೇಳಿದ್ದೇ ಎಲ್ಲರ ಉತ್ತರ ಆಗಿಬಿಡುತ್ತದೆ.

ಆಮೇಲೆ ಒಂದೊಂದಾಗಿ ಮಾಡಿ. ಅರವತ್ತು ಮಕ್ಕಳಿಗೆ ಆ ಚಿಕ್ಕ ಮುಳ್ಳು ಕಾಣುವುದಿಲ್ಲ. ಸ್ಮಾರ್ಟ್ ಬೋರ್ಡ್ ಇದ್ದರೆ ಮೊಬೈಲ್ ಕ್ಯಾಮೆರಾವನ್ನು ಅದಕ್ಕೆ ಜೋಡಿಸಿ ಮೀಟರಿನ ಮೇಲೆ ಹಿಡಿಯಿರಿ. ಇಲ್ಲದಿದ್ದರೆ ಒಬ್ಬರನ್ನು ಮೀಟರಿನ ಮುಂದೆ ಕೂರಿಸಿ, “ಬಲಕ್ಕೆ ಆರು, ವಾಪಸ್ ಸೊನ್ನೆ” ಅಂತ ಜೋರಾಗಿ ಹೇಳಿಸಿ. ನನಗೆ ಈ ಎರಡನೇ ದಾರಿಯೇ ಇಷ್ಟ. ಮುಳ್ಳು ಓದುವವರಿಗೆ ಕಾಂತ ಕಾಣದ ಹಾಗೆ ಕೂರಿಸಿದರೆ, ಅವರು ಕಂಡದ್ದನ್ನೇ ಹೇಳುತ್ತಾರೆ, ಕಾಣಬೇಕಾದ್ದನ್ನಲ್ಲ.

ಕಾಂತ ಒಳಗೆ ಹೋಗುವಾಗ ಮುಳ್ಳು ಒಂದು ಕಡೆ ಹೊಡೆಯುತ್ತದೆ. ಕಾಂತ ನಿಂತ ಕೂಡಲೇ ಸೊನ್ನೆಗೆ ಬರುತ್ತದೆ. ಇಲ್ಲಿ ನಿಲ್ಲಿಸಿ. ಕಾಂತವನ್ನು ಒಳಗೇ ಬಿಟ್ಟು ಅರ್ಧ ನಿಮಿಷ ಎಲ್ಲರೂ ಆ ಸೊನ್ನೆಯನ್ನೇ ನೋಡಲಿ. ಈ ಪೀರಿಯಡ್‌ನಲ್ಲಿ ನೋಡಬೇಕಾದ ಮುಖ್ಯ ಸಂಗತಿ ಈ ಸೊನ್ನೆ, ಮುಳ್ಳಿನ ಹೊಡೆತ ಅಲ್ಲ. ಕಾಂತ ಹೊರಗೆ ಎಳೆದರೆ ಮುಳ್ಳು ಇನ್ನೊಂದು ಕಡೆಗೆ. ಸುರುಳಿಯನ್ನು ಕಾಂತದ ಮೇಲೆ ತಂದರೂ ಅದೇ ಕತೆ. ಎರಡನ್ನೂ ಒಟ್ಟಿಗೆ ಸರಿಸಿದರೆ ಏನೂ ಇಲ್ಲ.

ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, “ಸರ್, ಕಾಂತವೇ ನೇರವಾಗಿ ಮುಳ್ಳನ್ನು ಎಳೀತಿರಬಹುದಲ್ವಾ?” ಕೇಳದಿದ್ದರೆ ನೀವೇ ಕೇಳಿ. ಉತ್ತರ ಹೇಳಬೇಡಿ, ಒಂದು ತಂತಿ ಬಿಚ್ಚಿ ಅದೇ ಆಟವನ್ನು ಮತ್ತೆ ಆಡಿ. ಮುಳ್ಳು ಅಲುಗದಿದ್ದರೆ ಅನುಮಾನ ಅಲ್ಲಿಗೆ ಮುಗಿಯಿತು. ಅಲುಗಿದರೆ ಮೀಟರ್ ತುಂಬ ಹತ್ತಿರ ಇದೆ ಅಂತ ಅರ್ಥ.

ಈ ಅನುಮಾನದ ಹಿಂದೆ ಒಂದು ನಿಜವಾದ ಘಟನೆ ಇದೆ. ಅದನ್ನು ಈ ಪೀರಿಯಡ್‌ನ ಕೊನೆಯ ಹತ್ತು ನಿಮಿಷದಲ್ಲಿ ಹೇಳಿ. 1825ರಲ್ಲಿ ಜಿನೀವಾದ ಕೊಲ್ಲಾಡೋನ್ ಇದೇ ಪ್ರಯೋಗ ಮಾಡಿದರು. ಕಾಂತ ಮೀಟರಿಗೆ ತೊಂದರೆ ಕೊಡಬಾರದು ಅಂತ ಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟರು. ಇಲ್ಲಿ ಕಾಂತವನ್ನು ಸುರುಳಿಗೆ ತೂರಿಸಿ, ಅಲ್ಲಿಗೆ ನಡೆದು ಹೋಗಿ ನೋಡಿದರು. ಮುಳ್ಳು ಸೊನ್ನೆಯಲ್ಲಿತ್ತು. ಎಚ್ಚರಿಕೆ ಸರಿಯಾಗಿಯೇ ಇತ್ತು. ಆದರೆ ಕರೆಂಟ್ ಬಂದರೆ ಬಂದದ್ದು ಹಾಗೇ ಇರುತ್ತದೆ ಅಂತ ಅವರೂ ನಂಬಿದ್ದರು. ಆರು ವರ್ಷದ ಮೇಲೆ, 1831ರ ಅಕ್ಟೋಬರ್ 17ರಂದು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ದಂಡಕಾಂತವನ್ನು ಸುರುಳಿಯೊಳಗೆ ತೂರಿಸಿದಾಗ ಮುಳ್ಳು ಅಲುಗಿದ್ದನ್ನು ಕಂಡರು. ಆಗಸ್ಟ್‌ನಲ್ಲಿ ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಮಾಡಿದ್ದ ಪ್ರಯೋಗದಿಂದ, ಕರೆಂಟ್ ಒಂದು ಕ್ಷಣ ಮಾತ್ರ ಬರುತ್ತದೆ ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು. ಈ ಕತೆ ಕೇಳಿದ ಮೇಲೆ ಮಕ್ಕಳು ತಮ್ಮ ಊಹೆಯ ಪಕ್ಕದಲ್ಲಿ ಕಂಡದ್ದನ್ನು ಬರೆದುಕೊಳ್ಳಲಿ. ಊಹೆಯನ್ನು ಅಳಿಸುವುದು ಬೇಡ.

ಎರಡನೇ ಪೀರಿಯಡ್: ಚಲನೆಯಿಂದ ಫ್ಲಕ್ಸ್‌ಗೆ

ಈಗ ಮಕ್ಕಳ ತಲೆಯಲ್ಲಿ ಒಂದು ಹೊಸ ವಾಕ್ಯ ಇರುತ್ತದೆ: ಚಲನೆ ಇದ್ದರೆ ಕರೆಂಟ್ ಬರುತ್ತದೆ. ಹೆಚ್ಚಿನ ಪಾಠಗಳು ಇದನ್ನು ಹಾಗೇ ಬಿಟ್ಟು ಫ್ಲಕ್ಸ್‌ನ ವ್ಯಾಖ್ಯೆಗೆ ಹಾರಿಬಿಡುತ್ತವೆ. ಹಾಗೆ ಮಾಡಿದರೆ ಫ್ಲಕ್ಸ್ ಯಾಕೆ ಬೇಕು ಅಂತ ಮಕ್ಕಳಿಗೆ ಅನ್ನಿಸುವುದೇ ಇಲ್ಲ. ಎರಡು ಪ್ರಯೋಗಗಳಿಂದ ಆ ವಾಕ್ಯವನ್ನು ಮೊದಲು ಮುರಿಯಿರಿ.

ಮೊದಲನೆಯದು. ಕಾಂತವನ್ನು ಸುರುಳಿಯ ನಡುವೆ ಹಿಡಿದು, ಒಳಗೆ ಹೊರಗೆ ಸರಿಸದೆ, ಅದರ ಉದ್ದದ ಅಕ್ಷದ ಸುತ್ತಲೇ ಬೆರಳಲ್ಲಿ ತಿರುಗಿಸಿ. ಕಾಂತ ಗಿರಗಿರ ತಿರುಗುತ್ತಿದ್ದರೂ ಮುಳ್ಳು ಅಲುಗುವುದಿಲ್ಲ. ಕೈ ಸ್ವಲ್ಪ ಜಾರಿದರೆ ಒಂದು ಸಣ್ಣ ಕಂಪನ ಕಾಣಬಹುದು, ಅಷ್ಟೇ. ಇಲ್ಲಿ ಚಲನೆ ಇದೆ, ಕರೆಂಟ್ ಇಲ್ಲ.

ಎರಡನೆಯದು. 100 ಸುತ್ತಿನ ಸುರುಳಿಯನ್ನು 500ರ ಸುರುಳಿಗೆ ತಾಗಿಸಿ ಒಂದೇ ಸಾಲಿನಲ್ಲಿಡಿ. ಎರಡರೊಳಗೂ ಹಾಯುವಂತೆ ಉದ್ದನೆಯ ಕಬ್ಬಿಣದ ಮೊಳೆಗಳ ದಪ್ಪ ಕಟ್ಟನ್ನು ತೂರಿಸಿ. ಗ್ಯಾಲ್ವನೋಮೀಟರ್ 500ರ ಸುರುಳಿಗೆ. ಸೆಲ್ ಮತ್ತು ಕೀ 100ರ ಸುರುಳಿಗೆ. ಇದನ್ನು ಅದಲು ಬದಲು ಮಾಡಬೇಡಿ. ಕೀ ಒತ್ತಿದಾಗ ಮುಳ್ಳು ಒಮ್ಮೆ ಕುಕ್ಕುತ್ತದೆ. ಒತ್ತಿ ಹಿಡಿದಿದ್ದರೆ ಸೊನ್ನೆ. ಬಿಟ್ಟಾಗ ಇನ್ನೊಂದು ಕಡೆಗೆ ಕುಕ್ಕುತ್ತದೆ. ಸೆಲ್ ಬೇಗ ಸೊರಗುತ್ತದೆ, ಹಾಗಾಗಿ ಕೀಯನ್ನು ಎರಡು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಡಿ. ಇಲ್ಲಿ ಯಾವ ವಸ್ತುವೂ ಸರಿದಿಲ್ಲ, ಕರೆಂಟ್ ಮಾತ್ರ ಬಂತು.

ಈಗ ಕೇಳಿ: ಹಾಗಾದರೆ ನಿಜವಾಗಿ ಬದಲಾಗಬೇಕಾದ್ದು ಏನು? ಸ್ವಲ್ಪ ಹೊತ್ತು ಬಿಟ್ಟರೆ ಉತ್ತರ ಮಕ್ಕಳಿಂದಲೇ ಬರುತ್ತದೆ. ಸುರುಳಿಯೊಳಗಿಂದ ಹಾದು ಹೋಗುವ ಕಾಂತಕ್ಷೇತ್ರ ಎಷ್ಟಿದೆ ಅನ್ನೋದು ಬದಲಾಗಬೇಕು. ಕಾಂತವನ್ನು ಅಕ್ಷದ ಸುತ್ತ ತಿರುಗಿಸಿದಾಗ ಅದು ಬದಲಾಗಲಿಲ್ಲ. ಕೀ ಒತ್ತಿದಾಗ ಬದಲಾಯಿತು. ಈ ‘ಎಷ್ಟು’ ಅನ್ನೋದಕ್ಕೆ ಇಟ್ಟ ಹೆಸರೇ ಕಾಂತೀಯ ಫ್ಲಕ್ಸ್. ಈಗ ಬೋರ್ಡಿನ ಮೇಲೆ Φ = BA cos θ ಬರೆಯಿರಿ. B, A, θ ಈ ಮೂರರಲ್ಲಿ ಯಾವುದು ಬದಲಾದರೂ ಮುಳ್ಳು ಅಲುಗಬೇಕು ಅನ್ನೋದು ಅವರಿಗೆ ತಾನಾಗಿ ಕಾಣುತ್ತದೆ.

ಉಳಿದ ಹೊತ್ತು ‘ಎಷ್ಟು ಬೇಗ’ ಅನ್ನೋದಕ್ಕೆ. ಕಾಂತವನ್ನು ಒಮ್ಮೆ ಎರಡು ಸೆಕೆಂಡ್ ಹಿಡಿಯುವ ಹಾಗೆ, ಇನ್ನೊಮ್ಮೆ ಒಂದು ಸೆಕೆಂಡಿನಲ್ಲಿ ಒಳಗೆ ತಳ್ಳಿ. ಮಕ್ಕಳು ಚಪ್ಪಾಳೆಯಲ್ಲಿ ಸೆಕೆಂಡ್ ಎಣಿಸಲಿ. ಆಮೇಲೆ 500ರ ಜಾಗದಲ್ಲಿ 100ರ ಸುರುಳಿ ಹಾಕಿ ನೋಡಿ. ಇಷ್ಟಾದ ಮೇಲೆ ಸೂತ್ರ ಬರೆಯಬಹುದು: ε = −N ΔΦ/Δt. ಮೈನಸ್ ಚಿಹ್ನೆ ನಾಳೆಗೆ.

ಬರೆದ ಸೂತ್ರವನ್ನು ಅಲ್ಲೇ ಮುಂದಿರುವ ಸಾಮಾನಿನ ಮೇಲೆ ಪರೀಕ್ಷಿಸಿ. ಮಾಮೂಲಿ ಲ್ಯಾಬ್ ದಂಡಕಾಂತದ ಒಂದು ತುದಿಯಿಂದ ಸುಮಾರು 2 × 10⁻⁵ ವೆಬರ್ ಫ್ಲಕ್ಸ್ ಬರುತ್ತದೆ ಅಂತ ಅಂದಾಜು ಇಟ್ಟುಕೊಳ್ಳಿ. 500 ಸುತ್ತಿಗೆ ಒಟ್ಟು 10⁻² ವೆಬರ್. ಇದು ಒಂದು ಸೆಕೆಂಡಿನಲ್ಲಿ ಬದಲಾದರೆ ಸರಾಸರಿ ಇಎಂಎಫ್ 10 ಮಿಲಿವೋಲ್ಟ್. ಸುರುಳಿಯ ರೋಧ 10 ಓಮ್, ಗ್ಯಾಲ್ವನೋಮೀಟರ್ ಸುಮಾರು 90 ಓಮ್, ಸೇರಿಸಿ 100 ಓಮ್. ಕರೆಂಟ್ 100 ಮೈಕ್ರೋಆಂಪಿಯರ್. ಮೀಟರಿನ ಒಂದು ವಿಭಾಗಕ್ಕೆ 25 ಮೈಕ್ರೋಆಂಪಿಯರ್ ಆದರೆ ಮುಳ್ಳು ಸುಮಾರು 4 ವಿಭಾಗ ಸರಿಯಬೇಕು. ಎರಡು ಸೆಕೆಂಡ್ ತೆಗೆದುಕೊಂಡರೆ 2 ವಿಭಾಗ. 100 ಸುತ್ತಿನ ಸುರುಳಿಯಾದರೆ, ಒಂದು ಸೆಕೆಂಡಿಗೆ, ಒಂದು ವಿಭಾಗವೂ ಪೂರ್ತಿ ಆಗುವುದಿಲ್ಲ. ಒಂದೇ ಸುತ್ತಿನ ತಂತಿಯಲ್ಲಿ ಮುಳ್ಳು ಅಲುಗಿದ್ದು ಕಾಣುವುದೇ ಇಲ್ಲ. ನಾವು ಯಾಕೆ 500 ಸುತ್ತು ಹಾಕಿದೆವು ಅನ್ನೋದು ಈ ಲೆಕ್ಕದಲ್ಲೇ ಸಿಗುತ್ತದೆ. ನಿಮ್ಮ ಕಾಲೇಜಿನ ಮೀಟರಿನ ರೋಧ, ವಿಭಾಗದ ಬೆಲೆ ಬೇರೆ ಇರಬಹುದು. ಮಕ್ಕಳು ಪ್ರಾಕ್ಟಿಕಲ್‌ನಲ್ಲಿ ಅಳೆದ ಬೆಲೆಗಳಿದ್ದರೆ ಅವನ್ನೇ ಹಾಕಿ. ಕಾಂತ ಒಂದೇ ವೇಗದಲ್ಲಿ ಹೋದರೂ ಅದರ ತುದಿ ಸುರುಳಿಯ ಹತ್ತಿರ ಇರುವಾಗಲೇ ಫ್ಲಕ್ಸ್ ಹೆಚ್ಚು ಬದಲಾಗುತ್ತದೆ. ಆದ್ದರಿಂದ ಮುಳ್ಳು ನಮ್ಮ ಸರಾಸರಿಗಿಂತ ಸ್ವಲ್ಪ ಮೇಲೆ ಹೋದರೆ ಆಶ್ಚರ್ಯ ಇಲ್ಲ.

ಇಲ್ಲಿ ಒಂದು ಗುಂಡಿ ಇದೆ, ಉಪನ್ಯಾಸಕರಿಗೆ ಮೊದಲೇ ಗೊತ್ತಿರಬೇಕು. ಉತ್ಸಾಹದಲ್ಲಿ ಯಾರಾದರೂ ಕಾಂತವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಫಟ್ಟಂತ ತಳ್ಳುತ್ತಾರೆ. ಸೂತ್ರದ ಪ್ರಕಾರ 40 ವಿಭಾಗ, ಮುಳ್ಳು ಸ್ಕೇಲು ದಾಟಬೇಕು. ಆದರೆ ನಿಜದಲ್ಲಿ ಅದು ಹತ್ತು ಹನ್ನೆರಡರ ಆಸುಪಾಸಿನಲ್ಲೇ ನಿಲ್ಲಬಹುದು. ಇನ್ನೂ ಬೇಗ ತಳ್ಳಿದರೂ ಹೆಚ್ಚಾಗುವುದಿಲ್ಲ. ಸೂತ್ರ ಸುಳ್ಳಾಗಿಲ್ಲ. ಮುಳ್ಳಿಗೂ ಅದರ ಹಿಂದಿನ ಸುರುಳಿಗೂ ತೂಕ ಇದೆ, ಅಷ್ಟು ಬೇಗ ಅದು ಓಡಲಾರದು. ಕರೆಂಟ್ ಬಂದು ಹೋದ ಮೇಲೆ ಮುಳ್ಳು ತೋರಿಸುವುದು ಒಟ್ಟು ಎಷ್ಟು ಆವೇಶ ಹರಿಯಿತು ಅನ್ನೋದನ್ನು. ಒಟ್ಟು ಆವೇಶ NΔΦ/R. ಅದರಲ್ಲಿ ಸಮಯವೇ ಇಲ್ಲ! ನಮ್ಮ ಲೆಕ್ಕದಲ್ಲಿ ಅದು 100 ಮೈಕ್ರೋಕೂಲಂಬ್, ನಿಧಾನ ತಳ್ಳಿದರೂ ಅಷ್ಟೇ, ಬೇಗ ತಳ್ಳಿದರೂ ಅಷ್ಟೇ. ಹೀಗಾಗಿ ವೇಗದ ಹೋಲಿಕೆಯನ್ನು ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಮಾಡಬೇಡಿ. ಚುರುಕಾದ ಮಕ್ಕಳಿದ್ದರೆ ಈ ವ್ಯತ್ಯಾಸವನ್ನು ಅವರ ಮುಂದೆಯೇ ಬಿಡಿಸಿ ಹೇಳಿ, ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ.

ಮೂರನೇ ಪೀರಿಯಡ್: ಮೈನಸ್ ಚಿಹ್ನೆ

ದಿಕ್ಕಿನ ಮಾತಿಗೆ ಬರುವ ಮೊದಲು ಮುಳ್ಳಿನ ಭಾಷೆ ತಿಳಿಯಬೇಕು. 1.5 ವೋಲ್ಟಿನ ಸೆಲ್ಲಿಗೆ 5000 ಓಮ್ ಸರಣಿಯಲ್ಲಿ ಹಾಕಿ, ಸೆಲ್ಲಿನ ಪ್ಲಸ್ ಅನ್ನು ಗ್ಯಾಲ್ವನೋಮೀಟರಿನ ಪ್ಲಸ್‌ಗೆ ಕೊಡಿ. ಮುಳ್ಳು 12 ವಿಭಾಗದಷ್ಟು ಬಲಕ್ಕೆ ಹೋಯಿತು ಅನ್ನಿ. ಕರೆಂಟ್ ಪ್ಲಸ್ ತುದಿಯಿಂದ ಮೀಟರಿನ ಒಳಗೆ ಹೊಕ್ಕರೆ ಮುಳ್ಳು ಬಲಕ್ಕೆ, ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಈಗ ಸುರುಳಿಯ ‘ಆ’ ತುದಿಯನ್ನು ಮೀಟರಿನ ಪ್ಲಸ್‌ಗೆ, ‘ಅ’ ತುದಿಯನ್ನು ಮೈನಸ್‌ಗೆ ಸೇರಿಸಿ. ಕಾಂತ ಬರುವ ಕಡೆಯಿಂದ ನೋಡಿದಾಗ ‘ಅ’ದಿಂದ ‘ಆ’ಕ್ಕೆ ಸುತ್ತು ಅಪ್ರದಕ್ಷಿಣವಾಗಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ, ಬಾಣ ಅದನ್ನೇ ತೋರಿಸಬೇಕು. ಉತ್ತರ ಧ್ರುವವನ್ನು ಒಳಗೆ ತಳ್ಳಿ. ಮುಳ್ಳು ಬಲಕ್ಕೆ. ಅಂದರೆ ಕರೆಂಟ್ ಮೀಟರಿಗೆ ಪ್ಲಸ್ ಕಡೆಯಿಂದ ಹೊಕ್ಕಿದೆ, ಸುರುಳಿಯಿಂದ ‘ಆ’ದಲ್ಲಿ ಹೊರಬಿದ್ದಿದೆ. ಹಾಗಾದರೆ ಸುರುಳಿಯಲ್ಲಿ ಅದು ಅಪ್ರದಕ್ಷಿಣ. ಅಪ್ರದಕ್ಷಿಣ ಕರೆಂಟ್ ಕಾಣುವ ಮುಖ ಉತ್ತರ ಧ್ರುವ, ಇದು ಮಕ್ಕಳಿಗೆ ಹಿಂದಿನ ಪಾಠದಿಂದ ಗೊತ್ತು. ಬರುತ್ತಿರುವ ಉತ್ತರ ಧ್ರುವಕ್ಕೆ ಸುರುಳಿ ತನ್ನ ಉತ್ತರ ಧ್ರುವವನ್ನೇ ಎದುರು ಒಡ್ಡಿತು, ಅಂದರೆ ತಡೆಯಿತು. ಹೊರಗೆ ಎಳೆಯುವಾಗ, ದಕ್ಷಿಣ ಧ್ರುವ ತಳ್ಳುವಾಗ, ಎಳೆಯುವಾಗ ಏನಾಗುತ್ತದೆ ಅಂತ ಮಕ್ಕಳೇ ಹೀಗೆ ಹೆಜ್ಜೆ ಹೆಜ್ಜೆಯಾಗಿ ಬಿಡಿಸಲಿ. ನಾಲ್ಕರಲ್ಲೂ ತಡೆಯೇ ಸಿಗುತ್ತದೆ. 1834ರಲ್ಲಿ ಲೆನ್ಜ್ ಹೇಳಿದ ನಿಯಮ ಇದೇ.

ತಡೆಯದೆ ಎಳೆದುಕೊಂಡಿದ್ದರೆ ಏನಾಗುತ್ತಿತ್ತು ಅಂತ ಕೇಳಿ. ಕಾಂತಕ್ಕೆ ಸ್ವಲ್ಪ ತಳ್ಳು ಕೊಟ್ಟರೆ ಸಾಕು, ಅದು ತಾನೇ ವೇಗ ಹೆಚ್ಚಿಸಿಕೊಂಡು ಓಡುತ್ತಿತ್ತು, ಜೊತೆಗೆ ಕರೆಂಟೂ ಸಿಗುತ್ತಿತ್ತು. ಶಕ್ತಿ ಎಲ್ಲಿಂದ ಬಂತು ಅನ್ನೋದಕ್ಕೆ ಉತ್ತರವೇ ಇರುತ್ತಿರಲಿಲ್ಲ.

ಆಗ ಒಬ್ಬ ಹುಡುಗಿ ಕೇಳಬಹುದು, “ತಳ್ಳುವಾಗ ನನ್ನ ಕೈಗೆ ತಡೆ ಗೊತ್ತೇ ಆಗಲಿಲ್ವಲ್ಲಾ?” ಸರಿಯಾದ ಪ್ರಶ್ನೆ. ಲೆಕ್ಕ ಹಾಕಿ ತೋರಿಸಿ. ಅರ್ಧ ಸೆಕೆಂಡಿನಲ್ಲಿ ತಳ್ಳಿದರೆ 20 ಮಿಲಿವೋಲ್ಟ್, 200 ಮೈಕ್ರೋಆಂಪಿಯರ್. ಗುಣಿಸಿದರೆ 4 ಮೈಕ್ರೋವಾಟ್. ಕಾಂತದ ವೇಗ ಸೆಕೆಂಡಿಗೆ 10 ಸೆಂ.ಮೀ. ಆದರೆ ಬಲ 4 × 10⁻⁵ ನ್ಯೂಟನ್. ಸುಮಾರು 4 ಮಿಲಿಗ್ರಾಂ ತೂಕ, ಒಂದು ಸಾಸಿವೆ ಕಾಳಿನಷ್ಟು. ಕೈಗೆ ಹೇಗೆ ಗೊತ್ತಾಗಬೇಕು?

ಕೈಗೂ ಕಣ್ಣಿಗೂ ಗೊತ್ತಾಗಬೇಕಾದರೆ ರೋಧ ಕಡಿಮೆ ಮಾಡಬೇಕು, ಕಾಂತದ ಬಲ ಹೆಚ್ಚಿಸಬೇಕು. ಎಸಿ ರಿಪೇರಿಯವರ ಹತ್ತಿರ ತಾಮ್ರದ ಪೈಪಿನ ತುಂಡು ಸಿಗುತ್ತದೆ. ಒಳವ್ಯಾಸ 14 ಮಿ.ಮೀ. ಇದ್ದರೆ 12 ಮಿ.ಮೀ. ನಿಯೋಡಿಮಿಯಂ ಕಾಂತ ಆರಾಮಾಗಿ ಇಳಿಯುತ್ತದೆ. ಕಾಂತ ಪೈಪಿಗೆ ಅಂಟುವುದಿಲ್ಲ ಅಂತ ಮೊದಲು ತೋರಿಸಿ. ಒಂದು ಮೀಟರ್ ಪ್ಲಾಸ್ಟಿಕ್ ಪೈಪಿನಲ್ಲಿ ಅದು ಅರ್ಧ ಸೆಕೆಂಡಿನಲ್ಲಿ ಕೆಳಗೆ ಬೀಳುತ್ತದೆ. ತಾಮ್ರದಲ್ಲಿ ಮೇಲಿನಿಂದ ಇಣುಕಿ ನೋಡುವಷ್ಟು ನಿಧಾನವಾಗಿ ಇಳಿಯುತ್ತದೆ. ಪೈಪನ್ನೇ ಸುತ್ತು ಅಂತ ಭಾವಿಸಿದರೆ, ಅದರ ಗೋಡೆ ದಪ್ಪ, ರೋಧ ಓಮ್‌ನ ತೀರಾ ಸಣ್ಣ ಭಾಗ, ಹಾಗಾಗಿ ಕರೆಂಟ್ ಜೋರು, ತಡೆಯೂ ಜೋರು.

ಸಮಯ ಉಳಿದರೆ ಕಾಂತವನ್ನು ಸುರುಳಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನವಾಗಿ ಪೂರ್ತಿ ದಾಟಿಸಿ. ಮುಳ್ಳು ಬಲಕ್ಕೆ ಹೋಗಿ, ಸೊನ್ನೆಗೆ ಬಂದು, ಎಡಕ್ಕೆ ಹೋಗುತ್ತದೆ. ಕಾಂತದ ನಡು ಸುರುಳಿಯ ನಡುವೆ ಇರುವಾಗ ಫ್ಲಕ್ಸ್ ಎಲ್ಲಕ್ಕಿಂತ ಹೆಚ್ಚು, ಕಾಂತ ಇನ್ನೂ ಚಲಿಸುತ್ತಲೇ ಇದೆ, ಆದರೆ ಮುಳ್ಳು ಸೊನ್ನೆ. ಯಾಕೆ ಅಂತ ಎರಡು ಸಾಲಿನಲ್ಲಿ ಬರೆಸಿ. ಇದನ್ನು ಸರಿಯಾಗಿ ಬರೆದವರಿಗೆ ಪಾಠ ಅರ್ಥವಾಗಿದೆ. “ಕಾಂತ ನಿಂತಿದೆ” ಅಂತಲೋ, “ಫ್ಲಕ್ಸ್ ಇಲ್ಲ” ಅಂತಲೋ ಬರೆದವರಿಗೆ ಎರಡನೇ ಪೀರಿಯಡ್‌ನ ಆ ಎರಡು ಪ್ರಯೋಗಗಳನ್ನು ಮತ್ತೊಮ್ಮೆ ತೋರಿಸಬೇಕು.

ಮನೆಗೆ ಕೊಡುವ ಪ್ರಶ್ನೆಗೂ ಲ್ಯಾಬಿನ ಸಾಮಾನೇ ಸಾಕು. ಎರಡು ಗ್ಯಾಲ್ವನೋಮೀಟರ್‌ಗಳನ್ನು ತಂತಿಯಿಂದ ಒಂದಕ್ಕೊಂದು ಸೇರಿಸಿ, ಬೇರೆ ಏನೂ ಬೇಡ, ಸೆಲ್ಲೂ ಬೇಡ. ಒಂದನ್ನು ಕೈಯಲ್ಲಿ ಹಿಡಿದು ಅದರ ಮುಳ್ಳು ತೂಗಾಡುವಂತೆ ಬೇಗ ಬೇಗ ಅಲ್ಲಾಡಿಸಿ. ಮೇಜಿನ ಮೇಲೆ ಸುಮ್ನೆ ಕೂತ ಇನ್ನೊಂದರ ಮುಳ್ಳೂ ಅಲುಗುತ್ತದೆ. ಮೀಟರಿನ ಒಳಗೆ ಕಾಂತ ಎಲ್ಲಿದೆ, ಸುರುಳಿ ಎಲ್ಲಿದೆ, ಮೊದಲನೆಯದರಲ್ಲಿ ಏನು ಬದಲಾಯಿತು, ಎರಡನೆಯದರಲ್ಲಿ ಮುಳ್ಳನ್ನು ತಿರುಗಿಸಿದ್ದು ಯಾವುದು? ಚಿತ್ರ ಬರೆದು ವಿವರಿಸಿ ತರಲಿ.